ಒಂದೇ ಕರಪತ್ರ, ನಾಲ್ಕು ಕಡೆಯ ಓದುಗರು: ಚೀನೀ ಅಕ್ಷರ ಆರಿಸಿದ ಒಂದು ಪ್ರಕರಣ

ತುಮಕೂರು ಕಡೆಯ ಬಿಸ್ಕತ್ತು ಕಂಪನಿಯೊಂದು ರಾಗಿ ಬಿಸ್ಕತ್ತನ್ನು ಶಾಂಘೈ, ತೈಪೆ, ಹಾಂಗ್‌ಕಾಂಗ್ ಮತ್ತು ಸಿಂಗಪುರಕ್ಕೆ ಕಳಿಸುವ ತಯಾರಿಯಲ್ಲಿತ್ತು. ಪ್ರತಿ ಪೆಟ್ಟಿಗೆಯೊಳಗೆ ಎರಡೂ ಬದಿ ಅಚ್ಚಾದ ಒಂದು ಹಾಳೆ ಇಡಬೇಕು. ಅದರಲ್ಲಿ ಏನೇನು ಹಾಕಿದೆ, ಯಾವುದಕ್ಕೆ ಅಲರ್ಜಿ ಇರುವವರು ತಿನ್ನಬಾರದು, ಪೊಟ್ಟಣ ಬಿಚ್ಚಿದ ಮೇಲೆ ಹೇಗೆ ಇಡಬೇಕು, ದೂರು ಇದ್ದರೆ ಯಾರಿಗೆ ಹೇಳಬೇಕು ಎಂಬ ವಿವರ, ಜೊತೆಗೆ ರಾಗಿಯ ಬಗ್ಗೆ ಒಂದು ಪ್ಯಾರಾ. ನಾನು ಚೀನೀ ಕಲಿತು ಬೆಂಗಳೂರಿನಲ್ಲಿ ದಾಖಲೆಗಳ ಅನುವಾದ ನೋಡಿಕೊಳ್ಳುವವಳು. ರಫ್ತು ವಿಭಾಗದವರು ಫೋನ್ ಮಾಡಿ, "ಮೇಡಂ, ಚೈನೀಸ್‌ನಲ್ಲಿ ಒಂದೇ ಹಾಳೆ ಮಾಡಿಕೊಡಿ, ನಾಲ್ಕೂ ಕಡೆಗೆ ಅದೇ ಹೋಗ್ಲಿ" ಎಂದರು.

ಸ್ವಲ್ಪ ತಡೆದು ಇನ್ನೊಂದು ಪ್ರಶ್ನೆ ಕೇಳಿದರು. "ಮ್ಯಾಂಡರಿನ್ ಮಾತಾಡೋರಿಗೆ ಸರಳ ಅಕ್ಷರ, ಕ್ಯಾಂಟನೀಸ್ ಮಾತಾಡೋರಿಗೆ ಹಳೇ ಅಕ್ಷರ, ಅಲ್ವಾ ಮೇಡಂ?"

ಈ ತಪ್ಪು ತಿಳಿವಳಿಕೆ ಎಷ್ಟು ಹರಡಿದೆಯೆಂದರೆ ಕೆಲಸ ಶುರುವಾಗುವುದೇ ಅದನ್ನು ಬಿಡಿಸುವುದರಿಂದ. ಆಡುವ ಮಾತಿಗೂ ಬರೆಯುವ ಅಕ್ಷರಕ್ಕೂ ಇಲ್ಲಿ ಅಂಥ ಗಂಟಿಲ್ಲ. ಚೀನಾದ ಗುವಾಂಗ್‌ಝೌ ಊರಿನವರು ಮನೆಯಲ್ಲಿ ಕ್ಯಾಂಟನೀಸ್ ಆಡುತ್ತಾರೆ, ಓದುವುದು ಸರಳ ಅಕ್ಷರ. ತೈವಾನ್‌ನ ತೈಪೆಯವರು ಮ್ಯಾಂಡರಿನ್ ಆಡುತ್ತಾರೆ, ಓದುವುದು ಸಾಂಪ್ರದಾಯಿಕ ಅಕ್ಷರ, ಅಂದರೆ ಅವರು ಹೇಳಿದ ಹಳೇ ಅಕ್ಷರ. ಒಬ್ಬ ಓದುಗ ಯಾವ ಶಾಲೆಯಲ್ಲಿ, ಯಾವ ಸರ್ಕಾರದ ಪಠ್ಯಪುಸ್ತಕ ಹಿಡಿದು ಓದಲು ಕಲಿತ ಎಂಬುದರ ಮೇಲೆ ಅಕ್ಷರ ನಿರ್ಧಾರವಾಗುತ್ತದೆ. ಚೀನಾ ಸರ್ಕಾರ 1956ರಲ್ಲಿ ಅಕ್ಷರಗಳನ್ನು ಸರಳಗೊಳಿಸುವ ಯೋಜನೆ ಪ್ರಕಟಿಸಿತು, 1964ರಲ್ಲಿ ಒಟ್ಟು ಪಟ್ಟಿ ಕೊಟ್ಟಿತು. ಸಿಂಗಪುರ 1969ರಲ್ಲಿ ತನ್ನದೇ ಪಟ್ಟಿ ಮಾಡಿಕೊಂಡರೂ 1976ರ ಹೊತ್ತಿಗೆ ಚೀನಾದ ಪಟ್ಟಿಗೆ ಬಂದು ಸೇರಿತು, ಮಲೇಷ್ಯಾ 1981ರಲ್ಲಿ ಅದೇ ದಾರಿ ಹಿಡಿಯಿತು. ತೈವಾನ್, ಹಾಂಗ್‌ಕಾಂಗ್, ಮಕಾವ್ ಮೂರೂ ಕಡೆ ಶಾಲೆಯ ಅಕ್ಷರ ಬದಲಾಗಲಿಲ್ಲ.

ಹಾಗಾಗಿ ನಮ್ಮ ನಾಲ್ಕು ಊರುಗಳು ಎರಡು ಗುಂಪಾದವು. ಶಾಂಘೈ ಮತ್ತು ಸಿಂಗಪುರ ಒಂದು ಕಡೆ, ತೈಪೆ ಮತ್ತು ಹಾಂಗ್‌ಕಾಂಗ್ ಇನ್ನೊಂದು ಕಡೆ. ಒಂದೇ ಹಾಳೆ ಸಾಧ್ಯವೇ ಎಂಬ ಪ್ರಶ್ನೆಗೆ ಕಾನೂನೂ ಉತ್ತರ ಕೊಡುತ್ತಿತ್ತು. ಚೀನಾದ ಆಹಾರ ಚೀಟಿಯ ರಾಷ್ಟ್ರೀಯ ಮಾನದಂಡ `GB 7718` ಪ್ರಕಾರ ಟ್ರೇಡ್‌ಮಾರ್ಕ್ ಬಿಟ್ಟು ಉಳಿದದ್ದೆಲ್ಲ ಅಲ್ಲಿನ ಪ್ರಮಾಣಿತ ಅಕ್ಷರದಲ್ಲಿ, ಅಂದರೆ ಸರಳ ಅಕ್ಷರದಲ್ಲಿ ಇರಬೇಕು. ತೈವಾನ್ ಚೀನೀ ಬರಹ ಕಡ್ಡಾಯ ಮಾಡಿದೆ. ಹಾಂಗ್‌ಕಾಂಗ್‌ನಲ್ಲಿ ಇಂಗ್ಲಿಷ್ ಅಥವಾ ಚೀನೀ, ಯಾವುದಾದರೂ ಆಗುತ್ತದೆ. ಸಿಂಗಪುರದಲ್ಲಿ ಇಂಗ್ಲಿಷ್ ಇರಲೇಬೇಕು, ಚೀನೀ ಬರಹ ಕಂಪನಿಯ ಇಷ್ಟ. ನಮ್ಮದು ಪೊಟ್ಟಣದ ಮೇಲಿನ ಚೀಟಿಯಲ್ಲ, ಒಳಗಿಡುವ ಹಾಳೆ. ಆದರೂ ಹೊರಗೊಂದು ಅಕ್ಷರ ಒಳಗೊಂದು ಅಕ್ಷರ ಇಟ್ಟರೆ ಓದುವವರಿಗೆ ಗೊಂದಲ, ಆಮದು ಮಾಡಿಕೊಳ್ಳುವವರಿಗೂ ತಲೆನೋವು. ಒಂದೇ ಹಾಳೆ ಎಂಬ ಆಸೆಯನ್ನು ಬಿಟ್ಟು, ಒಂದೇ ಪಠ್ಯ ಎರಡು ಅಕ್ಷರರೂಪದಲ್ಲಿ ಎಂದು ಒಪ್ಪಿಸಿದೆ.

ನಾನು ಆಗ ಎಡವಿದ್ದು ಮುಂದಿನ ಹೆಜ್ಜೆಯಲ್ಲಿ. ಅನುವಾದಕಿ ಚೀನಾದ ಚೆಂಗ್ಡುವಿನವರು, ಸಹಜವಾಗಿ ಸರಳ ಅಕ್ಷರದಲ್ಲಿ ಬರೆದುಕೊಟ್ಟರು, ಚೆನ್ನಾಗಿಯೇ ಇತ್ತು. ಅದನ್ನೇ ಮೂಲಪ್ರತಿ ಎಂದಿಟ್ಟುಕೊಂಡು, ಸಾಂಪ್ರದಾಯಿಕ ಪ್ರತಿಯನ್ನು ಪುಟ ಕಟ್ಟುವವರೇ ಪರಿವರ್ತಿಸಿಕೊಳ್ಳಲಿ ಎಂದು ಬಿಟ್ಟೆ. ಅವರು ಅಂತರ್ಜಾಲದಲ್ಲಿ ಸಿಕ್ಕ ಒಂದು ಸಾಧನಕ್ಕೆ ಪಠ್ಯ ಹಾಕಿ ತೆಗೆದರು. ಆ ಸಾಧನ ಒಂದೊಂದೇ ಅಕ್ಷರ ನೋಡಿ, ಅದರೆದುರಿನ ಹಳೆಯ ಅಕ್ಷರ ಇಡುತ್ತಿತ್ತು, ಅಷ್ಟೇ.

ಪೊಟ್ಟಣ ಬಿಚ್ಚಿದ ಮೇಲೆ ಎಷ್ಟು ದಿನದೊಳಗೆ ತಿನ್ನಬೇಕು ಎಂದು ಹೇಳುವ ಸಾಲು ಚೆಂಗ್ಡುವಿನಿಂದ ಬಂದದ್ದು ಹೀಗೆ:

干燥谷物制成的饼干,开封后请在两周内食用。

"ಒಣಗಿಸಿದ ಧಾನ್ಯದಿಂದ ಮಾಡಿದ ಬಿಸ್ಕತ್ತು, ಬಿಚ್ಚಿದ ಮೇಲೆ ಎರಡು ವಾರದೊಳಗೆ ತಿನ್ನಿ" ಎಂದು ಅರ್ಥ. ಸಾಧನದಿಂದ ಹೊರಬಂದದ್ದು:

干燥谷物制成的餅干,開封后請在兩周內食用。

ತೈಪೆಯ ಓದುಗರ ಕೈಗೆ ಹೋಗಬೇಕಿದ್ದದ್ದು:

乾燥穀物製成的餅乾,開封後請在兩週內食用。

ಮಧ್ಯದ ಸಾಲಿನಲ್ಲಿ 饼, 开, 请, 两, 内 ಐದೂ ಸರಿಯಾಗಿ ಬದಲಾಗಿವೆ. ನೋಡಿದ ಕೂಡಲೇ ಇದು ಸಾಂಪ್ರದಾಯಿಕ ಬರಹ ಎಂದೇ ಅನಿಸುತ್ತದೆ. ಕೆಟ್ಟಿರುವುದು ಬದಲಾಗದೆ ಉಳಿದ ಅಕ್ಷರಗಳಲ್ಲಿ. 谷 ಎಂದರೆ ಸಾಂಪ್ರದಾಯಿಕ ಬರಹದಲ್ಲಿ ಕಣಿವೆ, ಧಾನ್ಯಕ್ಕೆ 穀 ಬೇರೆ. 后 ಎಂದರೆ ರಾಣಿ, "ನಂತರ" ಎನ್ನಲು 後 ಬೇಕು. 制 ಎಂದರೆ ಕಟ್ಟುಪಾಡು, ವ್ಯವಸ್ಥೆ. ತಯಾರಿಸುವುದಕ್ಕೆ ಕೆಳಗೆ ಬಟ್ಟೆಯ ಗುರುತಿರುವ 製 ಇದೆ. 干 ಎಂದರೆ ಅಡ್ಡ ಬರುವುದು, ಒಣಗಿದ್ದಕ್ಕೆ 乾. ಬಿಸ್ಕತ್ತಿನ ಹೆಸರಲ್ಲೇ ಈ ಒಣಗು ಅಕ್ಷರ ಇದೆ, ಹಾಗಾಗಿ ಹಾಳೆಯ ಶೀರ್ಷಿಕೆಯಲ್ಲೇ ತಪ್ಪು. 周 ಒಂದು ಮಾತ್ರ ತೈವಾನ್‌ನಲ್ಲೂ ಕೆಲವರು ವಾರಕ್ಕೆ ಬಳಸುವುದರಿಂದ ನಡೆದುಹೋಗುತ್ತಿತ್ತು.

ಎಲ್ಲಕ್ಕಿಂತ ಕಷ್ಟದ ವಿಷಯ ಏನೆಂದರೆ 谷, 后, 制, 干 ನಾಲ್ಕೂ ಸಾಂಪ್ರದಾಯಿಕ ಬರಹದಲ್ಲಿ ನಿಜವಾಗಿಯೂ ಇರುವ ಅಕ್ಷರಗಳು. ಬಿಡಿ ಅಕ್ಷರ ತಪಾಸಿಸುವ ಯಾವ ಸಾಧನವೂ ಇವನ್ನು ತಪ್ಪೆಂದು ಗುರುತಿಸದು. ಓದುವ ಮನುಷ್ಯರಿಗೆ ಮಾತ್ರ "ಕಣಿವೆಯ ವಸ್ತುವಿನಿಂದ ಆಳಿದ ಬಿಸ್ಕತ್ತು" ಎಂಬಂತೆ ಕಾಣುತ್ತದೆ.

ಹೀಗೇಕಾಗುತ್ತದೆ ಎಂಬುದನ್ನು ಕನ್ನಡದವರಿಗೆ ಹೇಳುವುದು ಸುಲಭ, ನಮ್ಮ ಭಾಷೆಯಲ್ಲೇ ಇದು ಆಗಿದೆ. ಹಳಗನ್ನಡದಲ್ಲಿ ಬದುಕಿಗೆ ಬಾೞ್, ಕತ್ತಿಗೆ ಬಾಳ್. ೞ ಬಳಕೆ ತಪ್ಪಿ ಎರಡೂ ಳ ಆದ ಮೇಲೆ ಎರಡು ಪದಗಳೂ "ಬಾಳು" ಆದವು. ಹಳಗನ್ನಡದಿಂದ ಹೊಸಗನ್ನಡಕ್ಕೆ ಬರುವಾಗ ಯೋಚಿಸಬೇಕಿಲ್ಲ, ಕಂಡ ೞಗಳನ್ನೆಲ್ಲ ಳ ಮಾಡಿದರೆ ಸಾಕು. ಹಿಂದಕ್ಕೆ ಹೋಗಬೇಕೆಂದರೆ "ಬಾಳು" ಕಂಡಾಗಲೆಲ್ಲ ನಿಂತು, ಇದು ಬದುಕೋ ಕತ್ತಿಯೋ ಎಂದು ಅರ್ಥ ನೋಡಿಯೇ ಬರೆಯಬೇಕು. ಚೀನೀ ಅಕ್ಷರ ಸರಳಗೊಳಿಸಿದವರು ಗೆರೆ ಕಡಿಮೆ ಮಾಡಿದ್ದಷ್ಟೇ ಅಲ್ಲ, ಒಂದೇ ಉಚ್ಚಾರದ ಅಥವಾ ಹತ್ತಿರದ ಉಚ್ಚಾರದ ಎರಡು ಮೂರು ಅಕ್ಷರಗಳನ್ನು ಒಂದಕ್ಕೆ ಸೇರಿಸಿಬಿಟ್ಟರು. 乾, 幹, 干 ಮೂರೂ ಸೇರಿ 干 ಆಯಿತು. 發 ಮತ್ತು 髮 ಸೇರಿ 发 ಆಯಿತು. ಸೇರಿಸುವುದು ಒಂದು ಕ್ಷಣದ ಕೆಲಸ, ಬಿಡಿಸುವುದಕ್ಕೆ ವಾಕ್ಯ ಅರ್ಥವಾಗಬೇಕು.

ಈ 发 ನಮ್ಮ ಹಾಳೆಯ ದೂರಿನ ಸಾಲಿನಲ್ಲಿ ಎರಡು ಸಲ ಬಂದಿತ್ತು. "ಕೂದಲು ಮುಂತಾದ ಬೇರೆ ವಸ್ತು ಕಂಡುಬಂದರೆ" ಎಂಬುದು ಸರಳ ಬರಹದಲ್ಲಿ 如发现头发等异物. ಕಂಡುಬರುವುದು 發現, ತಲೆಗೂದಲು 頭髮. ಸಾಧನ ಎರಡು ಕಡೆಯೂ 發 ಇಟ್ಟಿತ್ತು. ಒಂದೇ ಸಾಲಿನಲ್ಲಿ, ನಡುವೆ ಎರಡೇ ಅಕ್ಷರದ ಅಂತರದಲ್ಲಿ, ಒಂದು 发 ಒಂದು ಕಡೆಗೆ ಹೋಗಬೇಕು, ಇನ್ನೊಂದು ಇನ್ನೊಂದು ಕಡೆಗೆ. ಯಾರಾದರೂ ಪರಿವರ್ತನೆಯ ಸಾಧನ ತಂದು ಚೆನ್ನಾಗಿದೆ ಎಂದರೆ ನಾನು ಮೊದಲು ಈ ಸಾಲನ್ನೇ ಹಾಕಿ ನೋಡುತ್ತೇನೆ.

ಪದಗಳನ್ನು ಗುರುತಿಸಿ ಬದಲಿಸುವ ಒಳ್ಳೆಯ ಸಾಧನಗಳಿವೆ. `OpenCC` ಎಂಬುದು ಉಚಿತ, ಮುಕ್ತ ತಂತ್ರಾಂಶ. ಅದು ನುಡಿಗಟ್ಟುಗಳ ಪಟ್ಟಿ ಇಟ್ಟುಕೊಂಡು 干燥 ಒಟ್ಟಿಗೆ ಕಂಡರೆ 乾燥 ಮಾಡುತ್ತದೆ, 头发 ಕಂಡರೆ 頭髮 ಮಾಡುತ್ತದೆ. ಮೊದಲ ದಿನವೇ ಅದನ್ನು ಬಳಸಿದ್ದರೆ ಮೇಲಿನ ತಪ್ಪುಗಳು ಬಹುಪಾಲು ಆಗುತ್ತಿರಲಿಲ್ಲ. ಆದರೂ ಪಟ್ಟಿಯಲ್ಲಿ ಇಲ್ಲದ ಜೋಡಣೆ ಬಂದರೆ, ಹೊಸ ಸರಕಿನ ಹೆಸರು ಬಂದರೆ, ಅದಕ್ಕೂ ಊಹೆಯೇ ಗತಿ. ಅದರ ಊಹೆ ತಪ್ಪಿದರೂ ಫಲಿತಾಂಶ ಸರಿಯಾದ ಅಕ್ಷರದಂತೆಯೇ ಕಾಣುತ್ತದೆ. 乾 ಬದಲು 幹 ಬಂದು ಕೂತರಂತೂ ತೈವಾನ್‌ನಲ್ಲಿ ಅದು ಬೀದಿ ಬೈಗುಳದ ಅಕ್ಷರ. ತಿನಿಸಿನ ಪೊಟ್ಟಣದಲ್ಲಿ ಅದು ಬರಬಾರದು.

ಅಕ್ಷರದ ತಪ್ಪು ಇಷ್ಟಾಯಿತು. ಕೆಲಸವನ್ನೇ ನಿಲ್ಲಿಸಿದ ತಪ್ಪು ಅಕ್ಷರದ್ದಲ್ಲ, ಪದದ್ದು.

ತೈಪೆಯಲ್ಲಿ ಒಬ್ಬ ಪರಿಶೀಲಕಿಗೆ ಹಾಳೆ ಕಳಿಸಿದ್ದೆ. ಅವರು ಅಕ್ಷರಗಳನ್ನೆಲ್ಲ ತಿದ್ದಿ, ಕೊನೆಗೆ ಪದಾರ್ಥಗಳ ಪಟ್ಟಿಯ ಒಂದು ಪದಕ್ಕೆ ಸುತ್ತು ಹಾಕಿ ಒಂದೇ ಪ್ರಶ್ನೆ ಬರೆದಿದ್ದರು: ಇದರಲ್ಲಿ ಶೇಂಗಾ ಇದೆಯೋ ಇಲ್ಲವೋ? ಕೆಳಗಿನ ಅಲರ್ಜಿ ಸಾಲಿನಲ್ಲಿ 不含花生, "ಶೇಂಗಾ ಇಲ್ಲ" ಎಂದಿತ್ತು. ಮೇಲಿನ ಪಟ್ಟಿಯಲ್ಲಿ 土豆粉 ಎಂದಿತ್ತು.

ಬಿಸ್ಕತ್ತಿನಲ್ಲಿ ಇದ್ದದ್ದು ಆಲೂಗಡ್ಡೆ ಪುಡಿ. ಚೀನಾದ ಬಹುಭಾಗದಲ್ಲಿ 土豆, ಅಕ್ಷರಶಃ "ಮಣ್ಣಿನ ಕಾಳು", ಆಲೂಗಡ್ಡೆಯ ದಿನಬಳಕೆಯ ಹೆಸರು. ತೈವಾನ್‌ನಲ್ಲಿ ಮ್ಯಾಂಡರಿನ್ ಜೊತೆ ಹೊಕ್ಕಿಯೆನ್ ಮಾತೂ ಮನೆಮಾತು, ಆ ಮಾತಿನಲ್ಲಿ ಇದೇ ಎರಡು ಅಕ್ಷರಕ್ಕೆ ಶೇಂಗಾ ಎಂದರ್ಥ. ಶೇಂಗಾ ಮಣ್ಣೊಳಗೆ ಕಾಯಿ ಬಿಡುವ ಕಾಳು ತಾನೇ, ನಾವೂ ನೆಲಗಡಲೆ ಎನ್ನುತ್ತೇವಲ್ಲ. ಸಾಲದ್ದಕ್ಕೆ 土豆粉 ಎಂದರೆ ಅಲ್ಲಿ ತರಕಾರಿ ಸುರುಳಿಗಳ ಮೇಲೆ ಉದುರಿಸುವ ಶೇಂಗಾ ಪುಡಿ, ಎಲ್ಲರಿಗೂ ಗೊತ್ತಿರುವ ಪದಾರ್ಥ. ಚೀನಾದವರು ಆಲೂಗಡ್ಡೆಗೆ ಹಾಗೆನ್ನುತ್ತಾರೆ ಎಂಬುದು ತೈವಾನ್‌ನ ಅನೇಕರಿಗೆ ಇಂದು ಗೊತ್ತಿದೆ. ಆದರೆ ಮಗುವಿಗೆ ಶೇಂಗಾ ಅಲರ್ಜಿ ಇರುವ ತಾಯಿಗೆ ಈ ಹಾಳೆ ಎರಡು ಮಾತು ಹೇಳುತ್ತದೆ. ಈ ಎರಡು ಅಕ್ಷರ ಸರಳ ಬರಹದಲ್ಲೂ ಸಾಂಪ್ರದಾಯಿಕ ಬರಹದಲ್ಲೂ ಒಂದೇ ರೂಪದವು. ಎಷ್ಟು ಒಳ್ಳೆಯ ಅಕ್ಷರ ಪರಿವರ್ತಕ ತಂದರೂ ಇಲ್ಲಿ ಬದಲಿಸಲು ಏನೂ ಇಲ್ಲ.

ಆ ಪ್ರಶ್ನೆ ಓದಿದ ದಿನ ನಾನು ಪುಟ ಕಟ್ಟುವುದನ್ನು ನಿಲ್ಲಿಸಿದೆ. ಸರಳ ಪ್ರತಿಯಿಂದ ಸಾಂಪ್ರದಾಯಿಕ ಪ್ರತಿ ತೆಗೆಯುವ ಕ್ರಮವನ್ನೇ ತಲೆಕೆಳಗು ಮಾಡಬೇಕಿತ್ತು.

ಹೊಸ ಕ್ರಮದಲ್ಲಿ ಸಾಂಪ್ರದಾಯಿಕ ಅಕ್ಷರದ ಪಠ್ಯ ಮೂಲಪ್ರತಿಯಾಯಿತು. ಅದರಲ್ಲಿ ಭೇದಗಳು ಹೆಚ್ಚು ಉಳಿದಿವೆ, ಅದರಿಂದ ಸರಳಕ್ಕೆ ಇಳಿಯುವುದು ೞ ಬಿಟ್ಟು ಳ ಬರೆದಷ್ಟೇ ಸುಲಭ. ತೈಪೆಯ ಪರಿಶೀಲಕಿ ಚೆಂಗ್ಡುವಿನ ಅನುವಾದ ಪಕ್ಕಕ್ಕಿಟ್ಟುಕೊಂಡು ಇಡೀ ಹಾಳೆಯನ್ನು ಕೈಯಲ್ಲೇ ಬರೆದರು, ಎರಡು ದಿನ ಹಿಡಿಯಿತು. ಆ ಕಡತದಿಂದ ಸರಳ ಪ್ರತಿಯನ್ನು ನಾನು ತೆಗೆದೆ:

```
opencc -i zh-Hant.txt -o zh-Hans.txt -c tw2s.json
grep -n '[干后谷里面制系只松台余周]' zh-Hant.txt
```

ಮೊದಲ ಸಾಲು ತೈವಾನ್ ರೂಢಿಯ ಬರಹವನ್ನು ಸರಳಕ್ಕೆ ಇಳಿಸುತ್ತದೆ. ಎರಡನೆಯದು ಮೂಲಪ್ರತಿಯ ಕಾವಲಿಗೆ. ಸಾಂಪ್ರದಾಯಿಕ ಬರಹದಲ್ಲೂ ಇರುವ, ಆದರೆ ಸರಳದಿಂದ ನುಸುಳಿ ಬಂದಿರಬಹುದಾದ ಅಕ್ಷರಗಳನ್ನು ಅದು ಸಾಲು ಸಂಖ್ಯೆ ಸಮೇತ ತೋರಿಸುತ್ತದೆ. ಸಿಕ್ಕಿದ್ದೆಲ್ಲ ತಪ್ಪಲ್ಲ. 表面 ಎಂಬ "ಮೇಲ್ಮೈ" ಪದದಲ್ಲಿ 面 ಸರಿಯೇ, ಗೋಧಿ ಹಿಟ್ಟಿನಲ್ಲಿ ಮಾತ್ರ 麵 ಆಗಬೇಕು. ಒಂದೊಂದು ಸಾಲನ್ನೂ ಕಣ್ಣಿಟ್ಟು ನೋಡಬೇಕು, ಎರಡು ಪುಟದ ಹಾಳೆಗೆ ಅರ್ಧ ಗಂಟೆಯ ಕೆಲಸ. ಚೀನೀ ಓದಲು ಬಾರದವರೂ ಈ ಪಟ್ಟಿ ತೆಗೆದು ಪರಿಶೀಲಕರಿಗೆ ಕಳಿಸಬಹುದು ಎಂಬುದು ಇದರ ಲಾಭ.

ಸರಳಕ್ಕೆ ಇಳಿಸುವಾಗಲೂ ಕೆಲವು ಮುಳ್ಳುಗಳಿವೆ. 乾 ಸಾಮಾನ್ಯವಾಗಿ 干 ಆಗುತ್ತದೆ, ಆದರೆ 乾隆 ಎಂಬ ಚಕ್ರವರ್ತಿಯ ಹೆಸರಿನಲ್ಲಿ 乾 ಹಾಗೇ ಉಳಿಯಬೇಕು. 著 ಕೆಲವೆಡೆ 着 ಆಗುತ್ತದೆ, "ಪ್ರಸಿದ್ಧ" ಎಂಬ 著名 ಪದದಲ್ಲಿ ಆಗುವುದಿಲ್ಲ. ಬೆರಳಲ್ಲಿ ಎಣಿಸುವಷ್ಟು ಇಂಥವಿವೆ, ಗೊತ್ತಿದ್ದರೆ ಹುಡುಕಿ ತಿದ್ದಬಹುದು.

ಪದಗಳ ಕೆಲಸ ಬೇರೆಯೇ. ನಾಲ್ಕೂ ಕಡೆ ಒಂದೇ ಅರ್ಥ ಕೊಡುವ ಪದ ಸಿಕ್ಕರೆ ಅದನ್ನೇ ಇಡುವುದು, ಸಿಗದಿದ್ದರೆ ಮಾತ್ರ ಸಾಲನ್ನು ಒಡೆದು ಊರಿಗೊಂದು ಬರೆಯುವುದು ಎಂದು ನಿಯಮ ಮಾಡಿಕೊಂಡೆವು. ಆಲೂಗಡ್ಡೆಗೆ ಅಂಥ ಪದ ಸಿಕ್ಕಿತು. 馬鈴薯, ಸರಳದಲ್ಲಿ 马铃薯. ಹಾಂಗ್‌ಕಾಂಗ್‌ನವರು ಮಾತಿನಲ್ಲಿ 薯仔 ಎನ್ನುತ್ತಾರೆ, ಚೀನಾದವರು 土豆 ಎನ್ನುತ್ತಾರೆ, ಆದರೆ ಅಚ್ಚಿನಲ್ಲಿ 馬鈴薯 ಕಂಡರೆ ನಾಲ್ಕೂ ಕಡೆ ಆಲೂಗಡ್ಡೆಯೇ. "ಗುಣಮಟ್ಟ"ಕ್ಕೆ ಚೀನಾದಲ್ಲಿ 质量 ಹೆಚ್ಚು ಬಳಕೆ, ತೈವಾನ್‌ನಲ್ಲಿ ಅದೇ ಪದ ಭೌತಶಾಸ್ತ್ರದ ದ್ರವ್ಯರಾಶಿ. 品質 ಎಂದು ಇಟ್ಟೆವು, ಚೀನಾದಲ್ಲೂ ಅದು ಒಳ್ಳೆಯ ಬಳಕೆಯ ಪದ.

ಮೊಸರಿನ ಪುಡಿ ಹೆಚ್ಚು ಹೊತ್ತು ಹಿಡಿಯಿತು. ಚೀನಾದಲ್ಲಿ ಮೊಸರು 酸奶, ತೈವಾನ್‌ನಲ್ಲಿ 優格 ಅಥವಾ 優酪乳, ಹಾಂಗ್‌ಕಾಂಗ್‌ನಲ್ಲಿ 乳酪. ಈ ಹಾಂಗ್‌ಕಾಂಗ್ ಪದ ತೈವಾನ್‌ಗೆ ಹೋದರೆ ಚೀಸ್ ಆಗಿಬಿಡುತ್ತದೆ. ಎರಡೂ ಕಡೆ ಸಾಂಪ್ರದಾಯಿಕ ಅಕ್ಷರವೇ, ಒಂದೇ ಹಾಳೆ ಸಾಕೆಂದು ನಾವು ಅಂದುಕೊಂಡಿದ್ದ ಜಾಗದಲ್ಲೇ ಪದ ಬೇರೆಯಾಯಿತು. ಕೊನೆಗೆ 發酵乳, "ಹುದುಗಿಸಿದ ಹಾಲು" ಎಂಬ ಪದ ಆರಿಸಿದೆವು. ಅದು ಮನೆಮಾತಿನ ಪದವಲ್ಲ, ಓದಲು ಕೊಂಚ ಬಿಗಿಯಾಗಿದೆ. ಆದರೆ ಹಾಲು ಸೇರದವರಿಗೆ "ಹಾಲಿದೆ" ಎಂಬುದು ಅಕ್ಷರದಲ್ಲೇ ಕಾಣುತ್ತದೆ, ನಾಲ್ಕೂ ಕಡೆ ಯಾರಿಗೂ ಬೇರೆ ಅರ್ಥ ಬರುವುದಿಲ್ಲ. ಸವಿಯಾದ ಪದ ಬೇಕೆಂದು ಮಾರಾಟ ವಿಭಾಗದವರು ಒತ್ತಾಯಿಸಿದರು. ಪದಾರ್ಥಗಳ ಪಟ್ಟಿಯಲ್ಲಿ ಸವಿಗಿಂತ ಸ್ಪಷ್ಟತೆ ಮುಖ್ಯ ಎಂದು ನಾನು ಬಿಡಲಿಲ್ಲ.

ಒಡೆಯದೆ ಗತಿಯಿಲ್ಲದ ಸಾಲು ಒಂದೇ, ತಿನ್ನುವ ಅವಧಿಯದು. ಚೀನಾದಲ್ಲಿ 保质期, ತೈವಾನ್‌ನಲ್ಲಿ 有效日期, ಹಾಂಗ್‌ಕಾಂಗ್‌ನಲ್ಲಿ 此日期前最佳. ಇವು ಆಯಾ ಕಡೆಯ ನಿಯಮದಲ್ಲಿ ನಿಂತ ಪದಗಳು, ಬದಲಿಸಲು ನಮಗೆ ಹಕ್ಕಿಲ್ಲ. ಸಿಂಗಪುರಕ್ಕೆ ಚೀನಾದ ಪದವೇ ನಡೆಯಿತು, ಅಲ್ಲಿ ಕಾನೂನು ನೋಡುವುದು ಇಂಗ್ಲಿಷ್ ಸಾಲನ್ನು. ಹಾಗಾಗಿ ಹಾಳೆ ಎರಡಲ್ಲ, ಎರಡೂವರೆ ಆಯಿತು: ಸರಳ ಪ್ರತಿ ಒಂದು, ಸಾಂಪ್ರದಾಯಿಕ ಪ್ರತಿ ಒಂದು, ಅದೇ ಸಾಂಪ್ರದಾಯಿಕ ಪ್ರತಿಯಲ್ಲಿ ಈ ಒಂದು ಸಾಲು ಬದಲಿಸಿದ ಹಾಂಗ್‌ಕಾಂಗ್ ಪ್ರತಿ. ತೈವಾನ್ ಮತ್ತು ಹಾಂಗ್‌ಕಾಂಗ್ ನಡುವೆ "ಒಳಗೆ" ಎನ್ನುವ ಅಕ್ಷರವೂ ಬೇರೆ, ತೈವಾನ್‌ನಲ್ಲಿ 裡, ಹಾಂಗ್‌ಕಾಂಗ್‌ನಲ್ಲಿ 裏. ಆ ಅಕ್ಷರ ಬಂದ ಎರಡು ಕಡೆಯೂ ವಾಕ್ಯ ತಿರುಗಿಸಿ 內 ಬಳಸಿದೆವು. ಇಲ್ಲದಿದ್ದರೆ ಆ ಒಂದು ಅಕ್ಷರಕ್ಕಾಗಿ ಇನ್ನೆರಡು ಸಾಲು ಒಡೆಯಬೇಕಾಗುತ್ತಿತ್ತು.

ಇನ್ನು ರಾಗಿ. ಈ ಭಾಗ ಬರೆಯುವಾಗ ನನಗೆ ನಿಜಕ್ಕೂ ಖುಷಿಯಿತ್ತು, ಕಷ್ಟವೂ ಇತ್ತು. ಕಂಪನಿಯವರು ಮೊದಲು 小米 ಎಂದು ಹಾಕಿಸಿಕೊಂಡಿದ್ದರು. ಸಿರಿಧಾನ್ಯಕ್ಕೆ ಎಲ್ಲರಿಗೂ ಗೊತ್ತಿರುವ ಪದ ಅದೇ ಎಂದು ಅವರ ವಾದ. ಗೊತ್ತಿರುವುದು ನಿಜ, ಫೋನ್ ಮಾಡುವ ಶಿಯಾವೋಮಿ ಕಂಪನಿಯ ಹೆಸರೂ ಅದೇ. ಆದರೆ 小米 ಎಂದರೆ ನವಣೆ. ರಾಗಿ ಕೊಡುತ್ತೇವೆಂದು ನವಣೆ ಎಂದು ಬರೆದರೆ ಅದು ಸುಳ್ಳು ಪಟ್ಟಿ. ಚೆಂಗ್ಡುವಿನ ಅನುವಾದಕಿ ರಾಗಿಗೆ ಸರಿಯಾದ ಪದವನ್ನೇ ಕೊಟ್ಟಿದ್ದರು, 䅟子. ಪುಟ ಕಟ್ಟಿ ಬಂದ ಕರಡಿನಲ್ಲಿ ಆ ಜಾಗದಲ್ಲಿ ಒಂದು ಖಾಲಿ ಚೌಕ ನಿಂತಿತ್ತು, ಹಾಳೆಯ ಅತಿ ಮುಖ್ಯ ಪದದ ಜಾಗದಲ್ಲಿ. ಸರಳ ಅಕ್ಷರಗಳಿಗೆಂದು 1980ರಲ್ಲಿ ಮಾಡಿದ `GB 2312` ಸಂಕೇತಪಟ್ಟಿಯಲ್ಲಿ 6,763 ಅಕ್ಷರಗಳಿವೆ, 䅟 ಅದರಲ್ಲಿಲ್ಲ. ಪುಟ ಕಟ್ಟುವವರು ಬಳಸಿದ್ದ ಫಾಂಟು ಆ ಪಟ್ಟಿಯಷ್ಟೇ ಅಕ್ಷರ ಹೊತ್ತದ್ದು. ಅದರ ಸಾಂಪ್ರದಾಯಿಕ ರೂಪ 穇 ಬೇರೆ ಫಾಂಟಿನಲ್ಲಿ ಸರಿಯಾಗಿ ಮೂಡಿತ್ತು. ಸರಳ ಅಕ್ಷರವೆಂದರೆ ಎಲ್ಲೆಡೆ ಸುಲಭವಾಗಿ ಮೂಡುತ್ತದೆ ಎಂಬ ನಂಬಿಕೆ ಇಲ್ಲಿ ತಿರುಗುಮುರುಗಾಯಿತು.

ದೊಡ್ಡ ಫಾಂಟು ಹಾಕಿದರೆ ಅಕ್ಷರ ಬರುತ್ತಿತ್ತು. ಆದರೂ ಪೇಟೆಯ ಓದುಗರಲ್ಲಿ ಬಹಳ ಜನ ಆ ಅಕ್ಷರವನ್ನು ಉಚ್ಚರಿಸಲಾರರು ಎಂದು ಮೂವರು ಪರಿಶೀಲಕರೂ ಹೇಳಿದರು. ರಾಗಿಗೆ ಚೀನೀಯಲ್ಲಿ ಇನ್ನೊಂದು ಹೆಸರಿದೆ, 龍爪稷, ಸರಳದಲ್ಲಿ 龙爪稷. "ಡ್ರ್ಯಾಗನ್ ಉಗುರಿನ ಧಾನ್ಯ" ಎಂದು. ಬಲಿತ ರಾಗಿ ತೆನೆ ಬೆರಳು ಮಡಿಸಿದಂತೆ ಒಳಕ್ಕೆ ಬಾಗುವುದನ್ನು ನೋಡಿದವರಿಗೆ ಈ ಹೆಸರು ಎಲ್ಲಿಂದ ಬಂತೆಂದು ಹೇಳಬೇಕಿಲ್ಲ. ಓದಲು ಬರುವ ಅಕ್ಷರಗಳು, ನಿಜವಾದ ಹೆಸರು. ಅದನ್ನೇ ಇಟ್ಟು, ಪಕ್ಕದಲ್ಲಿ ತೆನೆಯ ಚಿತ್ರ ಹಾಕಿದೆವು.

ಫಾಂಟಿನ ವಿಷಯದಲ್ಲಿ ಇನ್ನೊಂದು ಪಾಠ ಹಾಂಗ್‌ಕಾಂಗ್‌ನಿಂದ ಬಂತು. ಅಲ್ಲಿನ ವಿತರಕರು ಕರಡು ನೋಡಿ, ಅಕ್ಷರವೆಲ್ಲ ಸರಿ, ಆದರೂ ಇದು ಚೀನಾದ ಒಳನಾಡಿನಿಂದ ತಂದು ಬದಲಿಸಿದ ಹಾಳೆಯಂತೆ ಕಾಣುತ್ತದೆ ಎಂದರು. ನೋಡುತ್ತಾ ಹೋದರೆ ಕಾರಣ ಅಲ್ಪವಿರಾಮದಲ್ಲಿತ್ತು. ಚೀನಾದ ಅಚ್ಚಿನಲ್ಲಿ ಅಲ್ಪವಿರಾಮ, ಪೂರ್ಣವಿರಾಮಗಳು ತಮ್ಮ ಚೌಕದ ಎಡ ಕೆಳಮೂಲೆಯಲ್ಲಿ ಕೂರುತ್ತವೆ. ತೈವಾನ್, ಹಾಂಗ್‌ಕಾಂಗ್ ಅಚ್ಚಿನಲ್ಲಿ ಚೌಕದ ನಟ್ಟನಡುವೆ. ಯೂನಿಕೋಡ್‌ನಲ್ಲಿ ಎರಡಕ್ಕೂ ಒಂದೇ ಸಂಕೇತ, ಎಲ್ಲಿ ಕೂರಬೇಕೆಂಬುದನ್ನು ಫಾಂಟು ತೀರ್ಮಾನಿಸುತ್ತದೆ. ಅಕ್ಷರಗಳಲ್ಲೂ ಹೀಗಿದೆ. 骨 ಎಂಬ "ಮೂಳೆ" ಅಕ್ಷರದ ತಲೆಯೊಳಗಿನ ಚಿಕ್ಕ ಮೂಲೆ ಚೀನಾದ ಮಾದರಿಯಲ್ಲಿ ಎಡಕ್ಕೆ, ತೈವಾನ್ ಮಾದರಿಯಲ್ಲಿ ಬಲಕ್ಕೆ, ಸಂಕೇತ ಮಾತ್ರ ಒಂದೇ. ಪಠ್ಯವನ್ನು ಎಷ್ಟು ತಿದ್ದಿದರೂ ಇದು ಸರಿಹೋಗುವುದಿಲ್ಲ. ನೋಟೋ ಫಾಂಟು ಕುಟುಂಬದಲ್ಲಿ `SC`, `TC`, `HK` ಎಂದು ಬೇರೆ ಬೇರೆ ಕಡತಗಳಿರುವುದು ಇದಕ್ಕಾಗಿಯೇ. ಪ್ರತಿಯೊಂದಕ್ಕೂ ಅದರದ್ದನ್ನೇ ಹಾಕಿಸಿದೆ. ತೆರೆಯ ಮೇಲೆ ಓದುವ ಪ್ರತಿಗೆ ಭಾಷೆಯ ಗುರುತಾಗಿ `zh-Hans`, `zh-Hant-TW`, `zh-Hant-HK` ಎಂದು ಬರೆಸಿದೆ. ಇಲ್ಲದಿದ್ದರೆ ಬ್ರೌಸರು ತನಗೆ ತೋಚಿದ ಫಾಂಟು ಹಿಡಿಯುತ್ತದೆ.

ಚೀನೀ ಓದಲು ಬಾರದ ಪುಟ ಕಟ್ಟುವವರಿಗೆ ನಾನು ಹೇಳಿಕೊಟ್ಟ ಪರೀಕ್ಷೆ ಒಂದಿದೆ. ಪುಟವನ್ನು ನಾಲ್ಕು ಪಟ್ಟು ಹಿಗ್ಗಿಸಿ, ಗೆರೆಗಳ ದಪ್ಪ ನೋಡಿ. ಸಾಲಿನ ನಡುವೆ ಒಂದೊಂದು ಅಕ್ಷರ ಮಾತ್ರ ಉಳಿದವುಗಳಿಗಿಂತ ತೆಳ್ಳಗೋ ದಪ್ಪಗೋ ಕಂಡರೆ, ನೀವು ಹಾಕಿದ ಫಾಂಟಿನಲ್ಲಿ ಆ ಅಕ್ಷರ ಇಲ್ಲ, ಯಂತ್ರ ಬೇರೆ ಫಾಂಟಿನಿಂದ ಎರವಲು ತಂದಿದೆ ಎಂದರ್ಥ. ಸರಳ ಅಕ್ಷರದ ಫಾಂಟಿನಲ್ಲಿ ಸಾಂಪ್ರದಾಯಿಕ ಪಠ್ಯ ಸುರಿದಾಗ ಹೀಗೆಯೇ ಆಗುತ್ತದೆ. ಮೊದಲ ಕರಡಿನಲ್ಲಿ 餅 ತೆಳ್ಳಗೆ, 干 ದಪ್ಪಗೆ ಇತ್ತು. ಆಗಲೇ ನೋಡಿದ್ದರೆ ಫಾಂಟಿನ ತಪ್ಪು ಮಾತ್ರವಲ್ಲ, 干 ಬದಲಾಗದೆ ಉಳಿದಿದೆ ಎಂಬುದೂ ಗೊತ್ತಾಗುತ್ತಿತ್ತು.

ಸಿಂಗಪುರದಿಂದ ಬಂದ ತಿದ್ದುಪಡಿ ಕಡಿಮೆ. ಅಲ್ಲಿ ಹಿರಿಯ ಓದುಗರೂ ಇದ್ದಾರೆ, ಸಾಂಪ್ರದಾಯಿಕ ಅಕ್ಷರದಲ್ಲಿ ಶಾಲೆ ಓದಿದವರು, ಅವರಿಗೆ ಬೇರೆ ಹಾಳೆ ಬೇಕೇ ಎಂದು ಕೇಳಿದೆ. ಸರಳ ಅಕ್ಷರ ಎಲ್ಲರಿಗೂ ರೂಢಿಯಾಗಿದೆ, ಬೇಡ ಎಂದರು. ಎರಡೂ ಅಕ್ಷರವನ್ನು ಒಂದೇ ಹಾಳೆಯ ಎರಡು ಬದಿಗೆ ಹಾಕುವ ಯೋಚನೆಯೂ ಬಂದಿತ್ತು. ಮಲೇಷ್ಯಾದಲ್ಲಿ ತಲೆಬರಹ ಸಾಂಪ್ರದಾಯಿಕದಲ್ಲಿ, ಸುದ್ದಿ ಸರಳದಲ್ಲಿ ಅಚ್ಚು ಹಾಕಿದ ಚೀನೀ ಪತ್ರಿಕೆಗಳು ಉಂಟು, ಬೆರಕೆ ಯಾರಿಗೂ ಹೊಸದಲ್ಲ. ಆದರೆ ಎರಡೂ ಬದಿ ತುಂಬ ವಿವರ ಇರುವಾಗ ಅಕ್ಷರದ ಗಾತ್ರ ಅರ್ಧಕ್ಕೆ ಇಳಿಯಬೇಕಾಗುತ್ತಿತ್ತು. 釀, 鬱 ಥರದ ಒತ್ತು ಗೆರೆಯ ಅಕ್ಷರಗಳು ಆ ಗಾತ್ರದಲ್ಲಿ ಮಸಿ ಮೆತ್ತಿದಂತೆ ಕಾಣುತ್ತವೆ. ಬಿಟ್ಟೆವು.

ಹಾಳೆ ಅಚ್ಚಾಗಿ ಹೋದ ಕೆಲವು ತಿಂಗಳ ಮೇಲೆ ಕಂಪನಿ ಬಿಸ್ಕತ್ತಿನಲ್ಲಿ ಆಲೂಗಡ್ಡೆ ಪುಡಿ ಕಡಿಮೆ ಮಾಡಿ ಗೋಡಂಬಿ ಸೇರಿಸಿತು. ಮೂಲಪ್ರತಿಯಲ್ಲಿ 腰果 ಎಂಬ ಎರಡು ಅಕ್ಷರ ಸೇರಿದವು. ಇವು ನಾಲ್ಕೂ ಕಡೆ ಒಂದೇ ರೂಪ, ಒಂದೇ ಅರ್ಥ. ಅಲರ್ಜಿ ಸಾಲಿನಲ್ಲೂ ಅದನ್ನು ಸೇರಿಸಿ, ಮೇಲಿನ ಎರಡು ಆದೇಶ ಓಡಿಸಿ, ಸಿಕ್ಕ ಸಾಲುಗಳನ್ನು ತೈಪೆಗೆ ಕಳಿಸಿದೆ. ಬೆಳಗ್ಗೆ ಕಳಿಸಿದ್ದಕ್ಕೆ ಮಧ್ಯಾಹ್ನ ಊಟದ ಹೊತ್ತಿಗೆ ಉತ್ತರ ಬಂತು. ಒಂದೇ ಒಂದು ತಿದ್ದುಪಡಿ: ಗೋಡಂಬಿ ಹುರಿದದ್ದೋ ಹಸಿಯದೋ ಬರೆಯಿರಿ ಎಂದು.